ನೂರಾ ಹದಿನೈದು ಶೇಕಡಾ, ಯಾವುದರ ಮೇಲೆ?

ನಮ್ಮ ಓಣಿಯ ಹುಡುಗನೊಬ್ಬ ಕಾರ್ಖಾನೆಗಳಿಗೆ ಕಟಿಂಗ್ ಆಯಿಲ್, ಕೂಲಂಟ್ ಮಾರುತ್ತಾನೆ. ಧಾರವಾಡ, ಬೆಳಗಾವಿ ಎರಡೂ ಜಿಲ್ಲೆ ಅವನವು. ಬೇರೆ ಕೆಲಸಕ್ಕೆ ಅರ್ಜಿ ಹಾಕಬೇಕೆಂದು ರೆಸ್ಯೂಮೆ ತಂದು ತೋರಿಸಿದ. ಮಾರಾಟ ವಿಭಾಗದಲ್ಲಿ ಬಹಳ ವರ್ಷ ಸಂದರ್ಶನ ಮಾಡಿದವನು ನಾನು, ಕಣ್ಣು ಮೊದಲು ಹೋದದ್ದು ಒಂದೇ ಸಾಲಿಗೆ: ‘ಟಾರ್ಗೆಟ್‌ನ 115% ಸಾಧನೆ’.

ಈ ಶೇಕಡಾವಾರು ಒಂಟಿಯಾಗಿ ನಿಂತರೆ ಏನೂ ಹೇಳುವುದಿಲ್ಲ. ಟಾರ್ಗೆಟ್ ಚಿಕ್ಕದಿದ್ದರೆ ಯಾರಾದರೂ ಮುಟ್ಟುತ್ತಾರೆ. ಅವನ ಟಾರ್ಗೆಟ್ ಪತ್ರ, ಇನ್ಸೆಂಟಿವ್ ಲೆಕ್ಕ ತರಿಸಿಕೊಂಡು ಕೂತೆವು. ಟಾರ್ಗೆಟ್ 1.20 ಕೋಟಿ ರೂಪಾಯಿ, ಮಾರಿದ್ದು 1.38 ಕೋಟಿ. ಅವನ ತಂಡದ 9 ಜನರಲ್ಲಿ ಟಾರ್ಗೆಟ್ ಮುಟ್ಟಿದವರು 3 ಜನ. ಈ ಕೊನೆಯ ಮಾತು ಅವನ ರೆಸ್ಯೂಮೆಯಲ್ಲಿ ಇರಲೇ ಇಲ್ಲ. ಓದುವವನಿಗೆ ಟಾರ್ಗೆಟ್ ಎಷ್ಟು ಬಿಗಿಯಾಗಿತ್ತು ಅನ್ನುವುದು ಅದರಿಂದಲೇ ತಿಳಿಯುವುದು.

ಆಮೇಲೆ ಬೆಳವಣಿಗೆಯನ್ನು ಬಿಡಿಸಿದೆವು. ಹಿಂದಿನ ವರ್ಷದ 1.01 ಕೋಟಿಯಿಂದ 1.38 ಕೋಟಿ ಎಂದರೆ 37 ಲಕ್ಷ ಹೆಚ್ಚು. ಅದರಲ್ಲಿ ಸುಮಾರು 5 ಲಕ್ಷ ಕಂಪನಿ ದರ ಏರಿಸಿದ್ದರಿಂದ ತಾನಾಗಿಯೇ ಬಂದದ್ದು. 14 ಲಕ್ಷ ಹೊಸ ಗಿರಾಕಿಗಳದ್ದು, 10 ಲಕ್ಷ ಒಂದೇ ದೊಡ್ಡ ಗಿರಾಕಿಯದ್ದು, ಉಳಿದದ್ದು ಹಳಬರದ್ದು. ಸಂದರ್ಶನದಲ್ಲಿ ‘ದರ ಏರಿದ್ದನ್ನು ಬಿಟ್ಟರೆ ಎಷ್ಟು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಇಲ್ಲದವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ.

ಮತ್ತೊಂದು ಅನುಮಾನ ಮಾರ್ಚ್ ತಿಂಗಳದ್ದು. ವರ್ಷದ ಲೆಕ್ಕ ಮುಚ್ಚುವ ಮುಂಚೆ ಡೀಲರ್‌ನ ಗೋದಾಮಿಗೆ ಬೇಡದ ಮಾಲು ತುಂಬಿಸಿ ಬಿಲ್ ಮಾಡಿದರೆ ಟಾರ್ಗೆಟ್ ಮುಟ್ಟಿದಂತೆ ಕಾಣುತ್ತದೆ. ಏಪ್ರಿಲ್‌ನಲ್ಲಿ ಮಾರಾಟ ಕುಸಿಯುತ್ತದೆ, ಮಾಲು ವಾಪಸ್ ಬರುತ್ತದೆ. ಹುಡುಗನ ಮಾರ್ಚ್ 14 ಲಕ್ಷ, ಏಪ್ರಿಲ್ 10 ಲಕ್ಷ, ತಿಂಗಳ ಸರಾಸರಿ ಹನ್ನೊಂದೂವರೆ ಲಕ್ಷ. ತುಂಬಿಸಿದ ಗುರುತು ಇಲ್ಲ. ನನಗೆ ಸಮಾಧಾನವಾಯಿತು.

ಆ ದೊಡ್ಡ ಗಿರಾಕಿಯ ಕಥೆಯೇ ಅವನ ನಿಜವಾದ ಬಂಡವಾಳ. ಬೆಳಗಾವಿಯ ಉದ್ಯಮಬಾಗದ ಒಂದು ಯಂತ್ರಭಾಗ ಕಾರ್ಖಾನೆ, 14 ಸಿಎನ್‌ಸಿ ಯಂತ್ರ. ಅಲ್ಲಿ ಎರಡು ತಿಂಗಳಿಗೊಮ್ಮೆ ಕೂಲಂಟ್ ಹಾಳಾಗಿ ನಾತ ಹಿಡಿಯುತ್ತಿತ್ತು. ಇವನು ಒಂದೇ ಯಂತ್ರದ ಮೇಲೆ ಪ್ರಯೋಗ ಕೇಳಿಕೊಂಡ. ರಿಫ್ರಾಕ್ಟೋಮೀಟರ್‌ನಿಂದ ವಾರಕ್ಕೆರಡು ಸಲ ಕೂಲಂಟ್‌ನ ಪ್ರಮಾಣ ಅಳೆದ, ಮೇಲೆ ತೇಲುವ ಯಂತ್ರದ ಎಣ್ಣೆಯನ್ನು ತೆಗೆಸಿದ. ಕೂಲಂಟ್ ನಾಲ್ಕು ತಿಂಗಳು ಬಾಳಿತು. ಆಮೇಲೆ 14 ಯಂತ್ರವೂ ಇವನ ಕೈಗೆ ಬಂದವು, ಜೊತೆಗೆ ಹೈಡ್ರಾಲಿಕ್ ಆಯಿಲ್ ಕೂಡ. 7 ಲಕ್ಷದ ಗಿರಾಕಿ 17 ಲಕ್ಷಕ್ಕೆ ಬೆಳೆದ. ರೆಸ್ಯೂಮೆಯಲ್ಲಿ ಇದಕ್ಕೆ ಅವನು ಬರೆದಿದ್ದು ‘ಪ್ರಮುಖ ಗ್ರಾಹಕರೊಂದಿಗೆ ಉತ್ತಮ ಸಂಬಂಧ’ ಅಂತ! ಕಾರ್ಖಾನೆಯ ಹೆಸರು, ಕೊಟ್ಟ ದರ ಮಾತ್ರ ಬರೆಯಬೇಡ ಎಂದೆ. ಅವು ಈಗಿನ ಕಂಪನಿಯ ಗುಟ್ಟು. ಅದನ್ನು ಬಿಟ್ಟುಕೊಡುವವನು ನಾಳೆ ನಮ್ಮದನ್ನೂ ಬಿಟ್ಟುಕೊಡುತ್ತಾನೆ ಎಂದು ಓದುವವನು ಲೆಕ್ಕ ಹಾಕುತ್ತಾನೆ.

ಪೈಪ್‌ಲೈನ್ ಎಂದರೆ ಇನ್ನೂ ಆರ್ಡರ್ ಆಗದೆ ಮಾತುಕತೆಯಲ್ಲಿರುವ ವ್ಯಾಪಾರ. ‘90 ಲಕ್ಷದ ಪೈಪ್‌ಲೈನ್’ ಎಂದು ಅವನು ಹೆಮ್ಮೆಯಿಂದ ಬರೆದಿದ್ದ. ಆದರೆ ಕೊಟ್ಟ ಕೊಟೇಷನ್ ಕಂಪನಿಯ ಸ್ವತ್ತು, ಕೆಲಸ ಬಿಟ್ಟ ದಿನ ಅಲ್ಲೇ ಉಳಿಯುತ್ತದೆ. ಜೊತೆಗೆ ಬರುವುದು ಕೊಟೇಷನ್ನನ್ನು ಆರ್ಡರ್ ಮಾಡುವ ರೂಢಿ. ವರ್ಷದಲ್ಲಿ ಹೊಸಬರಿಗೆ 52 ಕೊಟೇಷನ್ ಕೊಟ್ಟಿದ್ದ, 13 ಆರ್ಡರ್ ಆದವು. ನಾಲ್ಕಕ್ಕೊಂದು. ಮೊದಲ ಭೇಟಿಯಿಂದ ಆರ್ಡರ್‌ವರೆಗೆ ಸುಮಾರು ಮೂರೂವರೆ ತಿಂಗಳು. 90 ಲಕ್ಷವನ್ನು ತೆಗೆದು ಈ ಲೆಕ್ಕ ಹಾಕಿಸಿದೆ.

ಪ್ರದೇಶದ ಬಗ್ಗೆ ಒಂದು ಸಾಲು ಸಾಕಾಯಿತು: ಎರಡು ಜಿಲ್ಲೆ, 60 ಗಿರಾಕಿ, 2 ಡೀಲರ್; ವಹಿಸಿಕೊಂಡಾಗ 96 ಲಕ್ಷ, ಎರಡು ವರ್ಷಕ್ಕೆ 1.38 ಕೋಟಿ. ವಹಿಸಿಕೊಂಡಾಗಿನ ಅಂಕಿ ಬಿಟ್ಟರೆ, ಹಿಂದಿನವನು ಕಟ್ಟಿಟ್ಟ ಮಾರುಕಟ್ಟೆಯೋ, ಇವನು ಕಟ್ಟಿದ್ದೋ ತಿಳಿಯದು.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: “ಕಾಕಾ, ಮೊದಲನೇ ವರ್ಷ ಟಾರ್ಗೆಟ್ ಮುಟ್ಟಿರಲಿಲ್ಲ. ಅದನ್ನ ಬಿಟ್ಟಬಿಡ್ಲ್ಯಾ?”

ಆ ವರ್ಷ 1.10 ಕೋಟಿಗೆ 1.01 ಕೋಟಿ, 92%. “ಬರಿ ತಮ್ಮಾ,” ಎಂದೆ. “ವರ್ಷ ಬಿಟ್ಟಿದ್ದು ಎದುರಿಗೆ ಕೂತಾವರಿಗೆ ಕಾಣ್ತದ. 92 ಪಕ್ಕದಾಗ 115 ಇದ್ದರ, ನಡುವೆ ಏನ್ ಮಾಡಿದಿ ಅಂತ ಕೇಳ್ತಾರ. ಆ 14 ಮಷಿನ್ನಿನ ಕತಿ ಆಗ ಹೇಳು.”