ಸೊಂಟ ನೋವು ಗಾರ್ಮೆಂಟ್ಸ್‌ನಿಂದ ಬಂತೋ, ಗದ್ದೆಯಿಂದ ಬಂತೋ? ಉತ್ತರ ಇರೋದು ವರದಿ ಬರೆಯುವ ರೀತಿಯಲ್ಲಿ

‘ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಇಷ್ಟು ಪರ್ಸೆಂಟ್ ಜನರಿಗೆ ಬೆನ್ನು ನೋವು.’ ಇಂಥ ಸಾಲುಗಳನ್ನು ನೀವು ಎಷ್ಟೋ ಸಲ ಓದಿರುತ್ತೀರಿ, ಶೇರ್ ಕೂಡ ಮಾಡಿರುತ್ತೀರಿ. ಅದಕ್ಕೆ ಮ್ಯಾನೇಜ್‌ಮೆಂಟ್ ಕಡೆಯಿಂದ ಬರುವ ಉತ್ತರವೂ ಗೊತ್ತಿರುವಂಥದ್ದೇ: ‘ಬೆನ್ನು ನೋವು ಯಾರಿಗಿಲ್ಲ? ಹಳ್ಳಿ ಹೆಂಗಸರು ಮನೇಲೂ ದುಡೀತಾರೆ, ಹೊಲದಲ್ಲೂ ದುಡೀತಾರೆ. ಫ್ಯಾಕ್ಟರಿನೇ ಕಾರಣ ಅಂತ ಹೇಗೆ ಹೇಳ್ತೀರಿ?’ ಇದನ್ನು ಬರೀ ಕುಂಟುನೆಪ ಅಂತ ತಳ್ಳಿಹಾಕೋಕೆ ಆಗಲ್ಲ. ಪ್ರಶ್ನೆ ನ್ಯಾಯವಾಗಿಯೇ ಇದೆ. ಉತ್ತರ ಕೊಡಬೇಕಾದದ್ದು ವರದಿ ಬರೆದವರು.

ಸಾರ್ವಜನಿಕ ಆರೋಗ್ಯ ಓದಿಕೊಂಡ ನನಗೆ ಇಂಥ ವರದಿಗಳ ಕರಡು ಓದುವುದು, ತಿದ್ದುವುದು ದಿನದ ಕೆಲಸ. ಅವು ಎಡವುವ ಜಾಗ ಹೆಚ್ಚಾಗಿ ಒಂದೇ. ನೋವನ್ನು ಎಚ್ಚರದಿಂದ ಅಳೆದಿರುತ್ತಾರೆ, ಆದರೆ ‘ಕೆಲಸ’ ಅಂದರೆ ಏನು ಅಂತ ಬರೆದೇ ಇರುವುದಿಲ್ಲ. ಸಂಶೋಧನೆಯ ಭಾಷೆಯಲ್ಲಿ ಇದಕ್ಕೆ ಎಕ್ಸ್‌ಪೋಷರ್ ಅಂತಾರೆ. ದೇಹ ಯಾವುದಕ್ಕೆ, ಎಷ್ಟು ಹೊತ್ತು, ಎಷ್ಟು ಕಾಲದಿಂದ ಒಡ್ಡಿಕೊಂಡಿದೆ ಅನ್ನುವ ಲೆಕ್ಕ ಅದು. ನಂಜನಗೂಡು, ತಿ.ನರಸೀಪುರದ ಕಡೆ ಹಳ್ಳಿಗಳಿಂದ ಗಾರ್ಮೆಂಟ್ಸ್‌ಗೆ ಬರುವ ಹೆಣ್ಣುಮಕ್ಕಳನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಒಂದೇ ಸಲ ತೆಗೆದ ಫೋಟೋ

ಕ್ರಾಸ್-ಸೆಕ್ಷನಲ್ ಅಧ್ಯಯನ ಅಂದರೆ ಒಂದು ಫೋಟೋ ಇದ್ದ ಹಾಗೆ. ಒಂದು ನಿರ್ದಿಷ್ಟ ಅವಧಿಯಲ್ಲಿ ಕಾರ್ಮಿಕರನ್ನು ಭೇಟಿಯಾಗಿ, ಯಾರಿಗೆ ನೋವಿದೆ, ಯಾರು ಎಂಥ ಕೆಲಸ ಮಾಡುತ್ತಿದ್ದಾರೆ ಎಂಬ ಎರಡನ್ನೂ ಒಟ್ಟಿಗೆ ದಾಖಲಿಸುತ್ತೇವೆ. ಖರ್ಚು ಕಡಿಮೆ, ಬೇಗ ಮುಗಿಯುತ್ತದೆ. ಆದರೆ ಫೋಟೋದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಕಾಣಿಸುವುದಿಲ್ಲ.

ಹೊಲಿಗೆ ಮೆಷಿನ್ ಮುಂದೆ ಕೂತು ಸೊಂಟ ಹಿಡಿದ ಟೈಲರ್ ಒಬ್ಬಳು ಸೂಪರ್‌ವೈಸರ್ ಹತ್ತಿರ ಬೇಡಿಕೊಂಡು ಹೆಲ್ಪರ್ ಕೆಲಸಕ್ಕೆ ಹೋಗಿದ್ದಾಳೆ ಅಂದುಕೊಳ್ಳಿ. ‘ಈಗ ಏನು ಕೆಲಸ?’ ಅಂತ ಮಾತ್ರ ಕೇಳಿದರೆ ಅವಳ ನೋವು ಹೆಲ್ಪರ್‌ಗಳ ಲೆಕ್ಕಕ್ಕೆ ಸೇರುತ್ತದೆ. ಮೆಷಿನ್ ಕೆಲಸ ನಿರಪರಾಧಿಯಾಗಿ ಕಾಣುತ್ತದೆ. ಅದಕ್ಕೇ ನೋವು ಶುರುವಾದಾಗ ಯಾವ ಕೆಲಸದಲ್ಲಿದ್ದಿರಿ ಅಂತ ಕೇಳಬೇಕು, ಆ ಕೆಲಸವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಸೊಂಟವೋ, ಬೆನ್ನೋ?

ನೋವಿನ ವ್ಯಾಖ್ಯೆಗೆ ಹೆಚ್ಚಿನವರು ಬಳಸುವುದು 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ. ದೇಹದ ಚಿತ್ರ ತೋರಿಸಿ, ಈ ಜಾಗದಲ್ಲಿ ಕಳೆದ 12 ತಿಂಗಳಲ್ಲಿ ತೊಂದರೆ ಇತ್ತಾ, ಕಳೆದ 7 ದಿನಗಳಲ್ಲಿ ಇತ್ತಾ ಅಂತ ಕೇಳುತ್ತದೆ. ಕನ್ನಡದಲ್ಲಿ ಆ ಚಿತ್ರ ಬೇಕೇ ಬೇಕು. ನಮ್ಮ ಕಡೆ ಕೆಳಬೆನ್ನಿನ ನೋವನ್ನು ‘ಸೊಂಟ ನೋವು’ ಅಂತಾರೆ. ಬೆನ್ನು ನೋವು ಇದೆಯಾ ಅಂದರೆ ಕೆಲವರು ಭುಜದ ಕೆಳಗೆ ಕೈ ತೋರಿಸಿ ಇಲ್ಲ ಅಂತಾರೆ. ಮುಟ್ಟಿನ ಸಮಯದ ನೋವಿಗೂ ಸೊಂಟ ನೋವು ಅನ್ನುವ ಮಾತೇ ಬಳಕೆಯಲ್ಲಿದೆ. ಹಾಗಾಗಿ ‘ಮುಟ್ಟಿನ ದಿನಗಳಲ್ಲಿ ಮಾತ್ರ ಬರುವ ನೋವು, ಜ್ವರದ ಜೊತೆ ಬಂದ ನೋವು ಬಿಟ್ಟು’ ಅಂತ ಪ್ರಶ್ನೆಯಲ್ಲೇ ಇರಬೇಕು.

‘ನಿಮ್ಮ ನೋವು ಕೆಲಸದಿಂದ ಬಂದದ್ದಾ?’ ಅಂತ ಕೇಳಿ, ಹೌದು ಅಂದವರನ್ನಷ್ಟೇ ಎಣಿಸುವುದು ಮಾತ್ರ ಬೇಡ. ಅಧ್ಯಯನ ಹುಡುಕಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟಂತಾಗುತ್ತದೆ. ನೋವನ್ನು ನೋವಾಗಿ ಅಳೆಯಿರಿ, ಕೆಲಸವನ್ನು ಪ್ರತ್ಯೇಕವಾಗಿ ಅಳೆಯಿರಿ. ಎರಡರ ಸಂಬಂಧ ಲೆಕ್ಕದಲ್ಲಿ ಹೊರಬರಲಿ.

ಒಂದು ಲೆಕ್ಕ ಮಾಡಿ ನೋಡೋಣ

ಇನ್ನು ಮುಂದಿನದು ಅರ್ಥ ಮಾಡಿಕೊಳ್ಳಲು ನಾನೇ ಕಟ್ಟಿದ ಲೆಕ್ಕ, ಯಾವುದೇ ಕಾರ್ಖಾನೆಯ ಅಂಕಿ ಅಲ್ಲ. ಒಂದು ಫ್ಯಾಕ್ಟರಿಯಲ್ಲಿ 300 ಜನ. ಟೈಲರ್‌ಗಳು 200. ಉಳಿದ 100 ಜನ ಹೆಲ್ಪರ್, ಚೆಕಿಂಗ್, ಐರನ್‌ನವರು.

ಮೊದಲ ವರದಿ ಎಕ್ಸ್‌ಪೋಷರ್ ಅಂದರೆ ‘ಟೈಲರ್ ಆಗಿರುವುದು’ ಅಂತ ಹಿಡಿಯುತ್ತದೆ. ಟೈಲರ್‌ಗಳಲ್ಲಿ 90 ಜನಕ್ಕೆ ನೋವು, ಅಂದರೆ ಶೇ. 45. ಉಳಿದವರಲ್ಲಿ 42 ಜನಕ್ಕೆ, ಅಂದರೆ ಶೇ. 42. ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ. ‘ಹೊಲಿಗೆಗೂ ಸೊಂಟ ನೋವಿಗೂ ಸಂಬಂಧವಿಲ್ಲ’ ಅಂತ ವರದಿ ಮುಗಿಯುತ್ತದೆ. ಆದರೆ ಐರನ್ ಮಾಡುವವರು ದಿನವಿಡೀ ನಿಂತಿರುತ್ತಾರೆ, ಹೆಲ್ಪರ್‌ಗಳು ಬಗ್ಗಿ ಕಟ್ಟುಗಳನ್ನು ಎತ್ತುತ್ತಾರೆ. ಅವರ ಸೊಂಟಕ್ಕೂ ಬೇರೆ ರೀತಿಯ ಹೊರೆ ಇದೆ. ಒಂದು ಹೊರೆಯನ್ನು ಇನ್ನೊಂದು ಹೊರೆಯ ಜೊತೆ ಹೋಲಿಸಿ, ಹೊರೆಯೇ ಇಲ್ಲ ಅಂದಹಾಗಾಯಿತು.

ಎರಡನೇ ವರದಿ ಟೈಲರ್‌ಗಳನ್ನು ಮಾತ್ರ ತೆಗೆದುಕೊಂಡು ಹೀಗೆ ಬರೆಯುತ್ತದೆ: ‘ಕಳೆದ 12 ತಿಂಗಳಲ್ಲಿ ಕನಿಷ್ಠ 6 ತಿಂಗಳು, ಊಟ ಮತ್ತು ಟೀ ಬಿಡುವು ಕಳೆದು, ದಿನಕ್ಕೆ ಸರಾಸರಿ 8 ಗಂಟೆ ಅಥವಾ ಹೆಚ್ಚು ಹೊತ್ತು ಮೆಷಿನ್ ಮುಂದೆ ಕೂತವರನ್ನು ಒಡ್ಡಿಕೊಂಡವರು ಎಂದು ಪರಿಗಣಿಸಿದ್ದೇವೆ. ನೋವು ಇದ್ದವರಲ್ಲಿ ನೋವು ಶುರುವಾಗುವ ಮುಂಚಿನ ಅವಧಿಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆ. ಗಂಟೆಗಳನ್ನು ಹಾಜರಿ ದಾಖಲೆ ಮತ್ತು ಓಟಿ ಚೀಟಿಯಿಂದ ತೆಗೆದುಕೊಂಡಿದ್ದೇವೆ. ದಾಖಲೆ ನೋಡಿದವರಿಗೆ ಯಾರಿಗೆ ನೋವಿದೆ ಎಂಬುದು ಗೊತ್ತಿರಲಿಲ್ಲ. 8 ಗಂಟೆಯ ಗೆರೆಯನ್ನು ಮಾಹಿತಿ ಸಂಗ್ರಹಿಸುವ ಮೊದಲೇ ಎಳೆದಿದ್ದೆವು.’

ಇದರಲ್ಲಿ ಪ್ರತಿ ಸಾಲಿಗೂ ಕಾರಣ ಇದೆ. ಗಂಟೆಗಳನ್ನು ಬರೀ ನೆನಪಿನಿಂದ ಕೇಳಿದರೆ, ನೋವಿರುವವರಿಗೆ ದಿನ ಉದ್ದವಾಗಿ ನೆನಪಾಗುತ್ತದೆ. ಅದಕ್ಕೇ ದಾಖಲೆ ಬೇಕು. ಚೀಟಿಯಲ್ಲಿ ಬರದ ಓಟಿ ಇದ್ದರೆ ಕಾರ್ಮಿಕರಿಂದಲೂ ಕೇಳಿ, ಎರಡೂ ಅಂಕಿ ಕೊಡಬೇಕು. ಗೆರೆಯನ್ನು ಮೊದಲೇ ಎಳೆಯದಿದ್ದರೆ 7, 8, 9 ಅಂತ ಬದಲಿಸುತ್ತಾ, ಬೇಕಾದ ಉತ್ತರ ಬರುವಲ್ಲಿ ನಿಲ್ಲಿಸಬಹುದು.

ಈಗ ಲೆಕ್ಕ ನೋಡಿ. 8 ಗಂಟೆ ದಾಟಿದ 100 ಜನರಲ್ಲಿ 58 ಮಂದಿಗೆ ನೋವು, ಅದಕ್ಕಿಂತ ಕಡಿಮೆ ಕೂತ 100 ಜನರಲ್ಲಿ 32 ಮಂದಿಗೆ. ಅದೇ 90 ಜನ, ಆದರೆ ಈಗ ಕಥೆ ಬೇರೆ. 58ನ್ನು 32ರಿಂದ ಭಾಗಿಸಿದರೆ 1.8. ಹೆಚ್ಚು ಹೊತ್ತು ಕೂತವರಲ್ಲಿ ನೋವು 1.8 ಪಟ್ಟು.

ಇಲ್ಲೊಂದು ಗುಂಡಿ ಇದೆ. ಸಾಫ್ಟ್‌ವೇರ್‌ನಲ್ಲಿ ಸುಲಭವಾಗಿ ಸಿಗುವ ಆಡ್ಸ್ ರೇಶಿಯೋ ಇದೇ ಅಂಕಿಗಳಿಗೆ 2.9 ಕೊಡುತ್ತದೆ. ಅದು ನೋವಿದ್ದವರು ಮತ್ತು ಇಲ್ಲದವರ ಅನುಪಾತಗಳ ಹೋಲಿಕೆ, ಎಷ್ಟು ಪಟ್ಟು ಜನ ಅನ್ನುವ ಲೆಕ್ಕ ಅಲ್ಲ. ಸೊಂಟ ನೋವಿನಂಥ ಸಾಮಾನ್ಯ ತೊಂದರೆಯಲ್ಲಿ ಎರಡರ ನಡುವೆ ಅಂತರ ದೊಡ್ಡದು. ‘3 ಪಟ್ಟು ಹೆಚ್ಚು’ ಅಂತ ಹೆಡ್ಡಿಂಗ್ ಕೊಟ್ಟರೆ ಎದುರಿನ ವಕೀಲ ಅದೊಂದನ್ನೇ ಹಿಡಿದು ಇಡೀ ವರದಿಯನ್ನು ಕೆಡವುತ್ತಾನೆ.

ನಾಟಿಯ ಲೆಕ್ಕ

ಇನ್ನು ‘ಹೊಲದಲ್ಲೂ ದುಡೀತಾರೆ’ ಅನ್ನುವ ಮಾತಿಗೆ ಬರೋಣ. ಕಾವೇರಿ, ಕಪಿಲಾ ನೀರು ಹರಿಯುವ ಈ ಸೀಮೆಯಲ್ಲಿ ಭತ್ತದ ನಾಟಿ ಅಂದರೆ ಹೆಣ್ಣುಮಕ್ಕಳು ಗಂಟೆಗಟ್ಟಲೆ ಬಗ್ಗಿ ಮಾಡುವ ಕೆಲಸ. ಭಾನುವಾರ, ರಜೆಯ ದಿನ ಗದ್ದೆಗೆ ಇಳಿಯುವವರು ಗಾರ್ಮೆಂಟ್ಸ್‌ನಲ್ಲೂ ಇರುತ್ತಾರೆ. ಇದನ್ನು ಮುಚ್ಚಿಡುವುದಕ್ಕಿಂತ ಅಳೆಯುವುದು ಒಳ್ಳೆಯದು. ಕಳೆದ 12 ತಿಂಗಳಲ್ಲಿ ನಾಟಿ, ಕಳೆ, ಕಟಾವಿಗೆ ಹೋದಿರಾ, ಎಷ್ಟು ದಿನ ಅಂತ ಕೇಳಿ, ಗುಂಪನ್ನು ಎರಡು ಮಾಡಬೇಕು.

ನಮ್ಮ ಲೆಕ್ಕದಲ್ಲಿ ಹೆಚ್ಚು ಹೊತ್ತು ಕೂತ 100 ಜನರಲ್ಲಿ 60 ಮಂದಿ ಹೊಲಕ್ಕೂ ಹೋಗುತ್ತಾರೆ, ಅವರಲ್ಲಿ 39 ಜನಕ್ಕೆ ನೋವು. ಕಡಿಮೆ ಕೂತವರಲ್ಲಿ ಹೊಲಕ್ಕೆ ಹೋಗುವವರು 30, ನೋವು 12 ಜನಕ್ಕೆ. ಶೇ. 65 ಮತ್ತು ಶೇ. 40, ಅಂದರೆ 1.6 ಪಟ್ಟು. ಹೊಲಕ್ಕೆ ಹೋಗದವರನ್ನು ನೋಡಿದರೆ, ಹೆಚ್ಚು ಕೂತ 40ರಲ್ಲಿ 19, ಕಡಿಮೆ ಕೂತ 70ರಲ್ಲಿ 20. ಇದೂ ಸುಮಾರು 1.7 ಪಟ್ಟು.

ಹೊಲದ ಕೆಲಸ ನೋವು ಹೆಚ್ಚಿಸುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ, ಮುಚ್ಚಿಡೋದೇನಿಲ್ಲ. ಮೊದಲು ಬಂದ 1.8ರಲ್ಲಿ ಒಂದು ಪಾಲು ಗದ್ದೆಯದ್ದೇ ಆಗಿತ್ತು. ಆದರೆ ಗದ್ದೆಯ ಪಾಲನ್ನು ತೆಗೆದ ಮೇಲೂ ಮೆಷಿನ್ ಮುಂದಿನ ಗಂಟೆಗಳ ಪಾಲು ಉಳಿದುಕೊಂಡಿದೆ. ವಯಸ್ಸು, ಎಷ್ಟು ವರ್ಷದಿಂದ ಕೆಲಸದಲ್ಲಿದ್ದಾರೆ ಅನ್ನುವುದನ್ನೂ ಇದೇ ರೀತಿ ಲೆಕ್ಕಕ್ಕೆ ತರಬೇಕು.

ಫೋಟೋದಲ್ಲಿ ಇಲ್ಲದವರು

ವರದಿಯ ಕೊನೆಗೆ ಬರುವ ‘ಮಿತಿಗಳು’ ಅನ್ನುವ ಭಾಗವನ್ನು ಶಾಸ್ತ್ರಕ್ಕೆ ಬರೆದು ಮುಗಿಸುವವರೇ ಜಾಸ್ತಿ. ಇಂಥ ಅಧ್ಯಯನದಲ್ಲಿ ಎರಡು ಮಿತಿಗಳನ್ನು ನಿಚ್ಚಳವಾಗಿ ಹೇಳಲೇಬೇಕು.

ಒಂದು, ನೋವು ತಡೆಯಲಾರದೆ ಕೆಲಸ ಬಿಟ್ಟವರು ಫ್ಯಾಕ್ಟರಿಯಲ್ಲಿ ಸಿಗುವುದಿಲ್ಲ, ಊರಲ್ಲಿರುತ್ತಾರೆ. ಒಳಗೆ ಉಳಿದವರು ಹೇಗೋ ತಡೆದುಕೊಂಡವರು. ಆದ್ದರಿಂದ ಫ್ಯಾಕ್ಟರಿ ಒಳಗಿನ ಅಂಕಿ ನಿಜವಾದ ಹಾನಿಗಿಂತ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು. ಕಳೆದ ಒಂದು ವರ್ಷದಲ್ಲಿ ಬಿಟ್ಟವರ ಪಟ್ಟಿ ಸಿಕ್ಕರೆ ಹಳ್ಳಿಗೆ ಹೋಗಿ ಕೇಳಬೇಕು. ಉಳಿದವರ ಸಂದರ್ಶನವನ್ನೂ ಲೈನಿನಲ್ಲಿ ಸೂಪರ್‌ವೈಸರ್ ಎದುರಿಗೆ ಮಾಡದೆ ಹೊರಗೆಲ್ಲಾದರೂ ಮಾಡಬೇಕು.

ಎರಡು, ಎಲ್ಲರಿಗೂ ಒಂದೇ ಥರದ, ಒರಗಲು ಬೆನ್ನಿಲ್ಲದ ಸ್ಟೂಲು ಕೊಟ್ಟಿದ್ದರೆ ಸ್ಟೂಲಿನ ಬಗ್ಗೆ ಈ ಅಧ್ಯಯನ ಏನನ್ನೂ ಹೇಳಲಾರದು. ಹೋಲಿಸಲು ಬೇರೆ ಕುರ್ಚಿ ಇರುವವರು ಬೇಕು. ‘ಸ್ಟೂಲಿನಿಂದ ವ್ಯತ್ಯಾಸ ಕಂಡುಬಂದಿಲ್ಲ’ ಅಂತ ಬರೆದರೆ ಓದುಗರ ದಾರಿ ತಪ್ಪಿಸಿದಂತೆ. ‘ಪರೀಕ್ಷಿಸಲು ಸಾಧ್ಯವಾಗಿಲ್ಲ’ ಅನ್ನುವುದೇ ಸರಿಯಾದ ವಾಕ್ಯ.

2007ರಲ್ಲಿ ಬಂದ ಸ್ಟ್ರೋಬ್ ಮಾರ್ಗಸೂಚಿಯ 22 ಅಂಶಗಳಲ್ಲಿ ಎಕ್ಸ್‌ಪೋಷರ್ ಏನು, ಅದನ್ನು ಹೇಗೆ ಅಳೆದಿರಿ ಎಂಬ ಎರಡನ್ನೂ ಬರೆಯಬೇಕು ಅಂತ ಇದೆ. ಇದು ಜರ್ನಲ್‌ನವರ ಕಿರಿಕಿರಿ ಅಷ್ಟೇ ಅನ್ನಿಸಬಹುದು. ಆದರೆ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಹಾಕಿದ್ದ ಚೌಕಟ್ಟನ್ನು ಸಡಿಲಿಸಿ, 2023ರಲ್ಲಿ ಕರ್ನಾಟಕದ ತಿದ್ದುಪಡಿ ದಿನದ ಕೆಲಸವನ್ನು 12 ಗಂಟೆವರೆಗೆ ಒಯ್ಯಲು ದಾರಿ ಮಾಡಿತು. ಮೂರು ತಿಂಗಳ ಓಟಿ ಮಿತಿ 75 ಗಂಟೆಯಿಂದ 144ಕ್ಕೆ ಏರಿತು. ಇದು ಗಂಟೆಗಳ ಮೇಲಿನ ಜಗಳ. ‘ಗಾರ್ಮೆಂಟ್ಸ್‌ನವರಿಗೆ ಬೆನ್ನು ನೋವು’ ಅನ್ನುವ ವರದಿ ಈ ಜಗಳದಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಂಟನೇ ಗಂಟೆ ದಾಟಿದವರಲ್ಲಿ, ಗದ್ದೆಗೆ ಹೋಗಲಿ ಬಿಡಲಿ, ನೋವು ಇಷ್ಟು ಪಟ್ಟು ಹೆಚ್ಚು ಅನ್ನುವ ವರದಿ ಬರುತ್ತದೆ.

ಆಗಲೂ ಕೊನೆಯ ವಾಕ್ಯದಲ್ಲಿ ‘ಕಾರಣ’ ಅನ್ನಬೇಡಿ, ‘ಸಂಬಂಧ ಕಂಡುಬಂದಿದೆ’ ಅನ್ನಿ. ಒಂದು ಫೋಟೋ ಅಷ್ಟನ್ನೇ ಹೇಳಬಲ್ಲದು. ಮುಂದಿನ ಸಲ ಇಂಥ ವರದಿ ನಿಮ್ಮ ಫೋನಿಗೆ ಬಂದಾಗ ಪರ್ಸೆಂಟೇಜ್ ಆಮೇಲೆ ನೋಡಿ. ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ, ಗಂಟೆ ಲೆಕ್ಕ ಎಲ್ಲಿಂದ ತಂದಿದ್ದಾರೆ ಅಂತ ಮೊದಲು ಹುಡುಕಿ.