ಶಿಷ್ಯರೇ ಬೆಳೆಸಿದ ಯೋಗ ಗುರು

ಯೋಗ ಶಿಕ್ಷಕರ ಪರಿಚಯದಲ್ಲಿ ಓದುಗರು ಹುಡುಕುವುದು ಮೂರು ಸಂಗತಿ: ಎಲ್ಲಿ ಕಲಿತರು, ಯಾರಿಗೆ ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ. ಬಿ.ಕೆ.ಎಸ್. ಅಯ್ಯಂಗಾರ್ ಅವರ ವಿಷಯದಲ್ಲಿ ಮೊದಲನೆಯದಕ್ಕೆ ಹೆಚ್ಚು ಜಾಗ ಬೇಕಿಲ್ಲ. ಅವರು ಶಿಕ್ಷಕರಾಗಿ ರೂಪುಗೊಂಡಿದ್ದು ಮುಂದೆ ಬಂದು ನಿಂತ ಶಿಷ್ಯರಿಂದ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಊರೂರು ಸುಡುತ್ತಿದ್ದ ಕಾಲದಲ್ಲಿ ಅವರು ಹುಟ್ಟಿದರು. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವೂ ಬಾಲ್ಯದಲ್ಲೇ ಕಾಡಿದವು. 1934ರಲ್ಲಿ ಮೈಸೂರಿಗೆ ಬಂದಿದ್ದು ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಭಾವ ಯೋಗಶಾಲೆ ನಡೆಸುತ್ತಿದ್ದರು. ಬಡಕಲು ಹುಡುಗನಿಗೆ ಅಲ್ಲಿ ಕ್ರಮವಾದ ಪಾಠ ಸಿಕ್ಕಿದ್ದು ತೀರಾ ಕಡಿಮೆ. ಪ್ರದರ್ಶನಕ್ಕೆ ಬೇಕಾದ ಆಸನಗಳನ್ನು ಅವಸರದಲ್ಲಿ ಮಾಡಿಸುತ್ತಿದ್ದರು. ಎರಡೂ ಕಾಲನ್ನು ನೆಟ್ಟಗೆ ಹಿಂದೆ ಮುಂದೆ ಚಾಚುವ ಹನುಮಾನಾಸನವನ್ನು ಹಾಗೆ ಅತಿಥಿಯೊಬ್ಬರ ಮುಂದೆ ಮಾಡಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿದು, ಬಹುಕಾಲ ನಡೆಯಲೂ ಕಷ್ಟಪಟ್ಟರು.

ಕಲಿಸುವ ಕೆಲಸ ಶುರುವಾಗಿದ್ದು ಹೆಂಗಸರಿಂದ. 1936ರಲ್ಲಿ ಗುರುಗಳ ತಂಡ ಉತ್ತರ ಕರ್ನಾಟಕದಲ್ಲಿ ಪ್ರದರ್ಶನ ಕೊಟ್ಟಾಗ ಹೆಂಗಸರೂ ಯೋಗ ಕಲಿಯಲು ಮುಂದೆ ಬಂದರು. ತಂಡದಲ್ಲಿ ಚಿಕ್ಕವನು ಎಂದು ಆ ಪಾಠ ಇವರ ಪಾಲಿಗೆ ಬಂತು. ಮರುವರ್ಷ ಪುಣೆಯ ಡೆಕ್ಕನ್ ಜಿಮ್‌ಖಾನಾಕ್ಕೆ ಆರು ತಿಂಗಳ ಮಟ್ಟಿಗೆ ಹೋದರು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಎದುರಿಗಿದ್ದ ಕಾಲೇಜು ಹುಡುಗರು ಇವರಿಗಿಂತ ಗಟ್ಟಿಮುಟ್ಟು, ಓದಿನಲ್ಲೂ ಮುಂದು. ಅವರಿಗೆ ಉತ್ತರ ಹೇಳಬೇಕಾದರೆ ತಾನೇ ಗಂಟೆಗಟ್ಟಲೆ ಮಾಡಿ ನೋಡಬೇಕಿತ್ತು. ಯಾವ ಆಸನದಲ್ಲಿ ಯಾವ ಬೆರಳು ಎತ್ತ ತಿರುಗುತ್ತದೆ, ಯಾವ ಮಂಡಿ ಸೋಲುತ್ತದೆ ಎಂಬ ಸೂಕ್ಷ್ಮ ಕಣ್ಣು ಅವರಿಗೆ ಬಂದಿದ್ದು ಹೀಗೆ. ಆರು ತಿಂಗಳಿಗೆಂದು ಹೋದವರು ಪುಣೆಯವರೇ ಆದರು.

ಮುಂದೆ ಶಿಷ್ಯರ ಸಾಲು ವಿಚಿತ್ರವಾಗಿ ಬೆಳೆಯಿತು. ಜಿಡ್ಡು ಕೃಷ್ಣಮೂರ್ತಿ ಬಂದರು, ಜಯಪ್ರಕಾಶ ನಾರಾಯಣ ಬಂದರು. 1952ರಲ್ಲಿ ಭೇಟಿಯಾದ ಪಿಟೀಲು ವಾದಕ ಯೆಹೂದಿ ಮೆನುಹಿನ್ ಇವರನ್ನು ಯುರೋಪಿಗೆ ಕರೆದೊಯ್ದರು. ಬೆಲ್ಜಿಯಂನ ರಾಣಿ ಎಲಿಜಬೆತ್ 80 ದಾಟಿದ ಮೇಲೆ ಇವರಿಂದ ಶೀರ್ಷಾಸನ ಕಲಿತರು. ಬೆನ್ನುನೋವು, ರಕ್ತದೊತ್ತಡ, ಹೃದ್ರೋಗ ಇದ್ದವರೂ ಬಾಗಿಲಿಗೆ ಬಂದರು. ಎಲ್ಲರಿಗೂ ಒಂದೇ ಪಾಠ ಹೇಳಲು ಸಾಧ್ಯವೇ ಇರಲಿಲ್ಲ. ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿ, ಕಂಬಳಿ ಯೋಗದ ಕೋಣೆಗೆ ಬಂದಿದ್ದು ಆ ಇಕ್ಕಟ್ಟಿನಿಂದ.

ಸರ್ವಾಂಗಾಸನವನ್ನೇ ನೋಡಿ. ಬರೀ ನೆಲದ ಮೇಲೆ ಮಾಡಿದರೆ ಎಷ್ಟೋ ಜನರ ಕತ್ತು ನೆಲಕ್ಕೆ ಒತ್ತಿಕೊಳ್ಳುತ್ತದೆ, ಭಾರವೆಲ್ಲ ಕತ್ತಿನ ಮೂಳೆಗಳ ಮೇಲೆ ಬೀಳುತ್ತದೆ. ಅಯ್ಯಂಗಾರ್ ಪದ್ಧತಿಯಲ್ಲಿ ಮೂರು ನಾಲ್ಕು ಕಂಬಳಿಗಳನ್ನು ಒತ್ತಾಗಿ ಮಡಿಸಿ ಒಂದರ ಮೇಲೊಂದು ಇಡುತ್ತಾರೆ. ಭುಜಗಳು ಕಂಬಳಿಯ ಅಂಚಿನ ಒಳಗೆ, ತಲೆ ಕೆಳಗೆ ನೆಲದ ಮೇಲೆ. ಆಗ ಕತ್ತಿಗೆ ಜಾಗ ಸಿಗುತ್ತದೆ. ಮೊಣಕೈ ಅಗಲಿ ಹೋಗದಂತೆ ಅವುಗಳ ಮೇಲ್ಭಾಗಕ್ಕೆ ಒಂದು ಪಟ್ಟಿ. ಶಿಕ್ಷಕರು ಆಮೇಲೆ ನೋಡುವುದು ಕಾಲನ್ನಲ್ಲ, ಮುಖವನ್ನು. ಮುಖ ಕೆಂಪೇರಿದರೆ, ಗಂಟಲು ಬಿಗಿದು ಉಸಿರು ಗಟ್ಟಿಯಾಗಿ ಕೇಳಿಸಿದರೆ, ಕಣ್ಣುಗಳು ಉಬ್ಬಿದಂತಾದರೆ ತಕ್ಷಣ ಇಳಿಸುತ್ತಾರೆ. ಎಷ್ಟು ನಿಮಿಷ ನಿಂತರು ಎಂಬ ಲೆಕ್ಕಕ್ಕಿಂತ ಈ ಗುರುತುಗಳೇ ನಂಬತಕ್ಕವು.

ಈ ಶಿಸ್ತಿಗೆ ಇನ್ನೊಂದು ಮುಖವೂ ಇತ್ತು. ಅವರು ಗದರುತ್ತಿದ್ದರು, ಶಿಷ್ಯರಿಗೆ ಏಟು ಕೊಟ್ಟದ್ದೂ ಉಂಟು. ಏಟು ಬಿದ್ದ ಜಾಗಕ್ಕೆ ಎಚ್ಚರ ಬರುತ್ತದೆ ಎಂದು ಸಮರ್ಥಿಸುವವರಿದ್ದಾರೆ. ಆ ಸಮರ್ಥನೆಯನ್ನು ಒಪ್ಪುವುದು ಕಷ್ಟ. ಮಡಿಸಿದ ಕಂಬಳಿ ಮಾಡುವ ಕೆಲಸಕ್ಕೆ ಕೈ ಎತ್ತುವ ಅಗತ್ಯವೇ ಇಲ್ಲ.

1966ರಲ್ಲಿ ಬಂದ ‘ಲೈಟ್ ಆನ್ ಯೋಗ’ ಪುಸ್ತಕದಲ್ಲಿ ಸುಮಾರು 200 ಆಸನಗಳಿವೆ. ಅದರಲ್ಲಿ ಕಾಣುವುದು ಕಟೆದಂತಿದ್ದ ಅವರ ದೇಹ. ಅವರ ಬೋಧನೆ ನೋಡಬೇಕಾದರೆ ಪುಣೆಯ ಸಂಸ್ಥೆಯ ಚಿಕಿತ್ಸಾ ತರಗತಿಗೆ ಬರಬೇಕು. ತೀರಿಹೋದ ಪತ್ನಿ ರಮಾಮಣಿಯವರ ಹೆಸರಿನಲ್ಲಿ 1975ರಲ್ಲಿ ಶುರುವಾದ ಸಂಸ್ಥೆ ಅದು. ಕಂಬಳಿಯ ಮೇಲೂ ಸರ್ವಾಂಗಾಸನ ಮಾಡಲಾಗದವರಿಗೆ ಈ ಪದ್ಧತಿಯಲ್ಲಿ ಕುರ್ಚಿಯಿದೆ. ಕುರ್ಚಿಯಲ್ಲಿ ಹಿಂದುಮುಂದಾಗಿ ಕುಳಿತು, ಕಾಲುಗಳನ್ನು ಒರಗುಬೆನ್ನಿನ ಮೇಲೆ ಹಾಕಿ, ಕುರ್ಚಿಯನ್ನು ಹಿಡಿದುಕೊಂಡೇ ನಿಧಾನವಾಗಿ ಹಿಂದಕ್ಕೆ ಇಳಿಯಬೇಕು. ಭುಜಗಳು ನೆಲದ ಮೇಲಿನ ದಿಂಬಿಗೆ ತಾಗುತ್ತವೆ, ಸೊಂಟದ ಕೆಳಭಾಗವನ್ನು ಕುರ್ಚಿ ಹೊರುತ್ತದೆ. ಮೊದಲ ಕೆಲವು ಸಲ ಶಿಕ್ಷಕರು ಪಕ್ಕದಲ್ಲೇ ಇರಬೇಕು. ಗ್ಲಾಕೋಮಾ, ಅಕ್ಷಿಪಟಲದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರಿಗೆ ಇದೂ ಬೇಡ. ಹೆಂಗಸರು ಮುಟ್ಟಿನ ದಿನಗಳಲ್ಲಿ ಇಂಥ ತಲೆಕೆಳಗಿನ ಆಸನಗಳನ್ನು ಬಿಡುವುದು ಈ ಪದ್ಧತಿಯ ನಿಯಮ.