ಚಿನ್ನದ ಎಲೆಕ್ಟ್ರಾನ್ ಕಿತ್ತುಕೊಂಡವರು ಯಾರು?

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಕೆಜಿಎಫ್‌ನ ಸೈನೈಡ್ ದಿಬ್ಬಗಳು ಮಾತ್ರ ಇನ್ನೂ ನಿಂತಿವೆ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. ಚಿನ್ನವನ್ನು ಕರಗಿಸುವುದು ಸೈನೈಡ್ ಎಂದೇ ನಾವೆಲ್ಲ ಹೇಳುತ್ತೇವೆ. ಸಮೀಕರಣ ಏನು ಹೇಳುತ್ತದೆ, ನೋಡೋಣ:

4Au + 8CN⁻ + O₂ + 2H₂O → 4[Au(CN)₂]⁻ + 4OH⁻

ಇಲ್ಲಿ ಯಾವುದು ಎಲೆಕ್ಟ್ರಾನ್ ಕಳೆದುಕೊಂಡಿತು, ಯಾವುದು ಪಡೆಯಿತು ಎಂಬುದನ್ನು ತಿಳಿಯಲು ಪ್ರತಿ ಪರಮಾಣುವಿಗೂ ಒಂದು ಉತ್ಕರ್ಷಣ ಸಂಖ್ಯೆ ಕೊಡಬೇಕು. ಬೇರೆ ಯಾವುದರ ಜೊತೆಗೂ ಕೂಡದ ಧಾತುವಿಗೆ ಸೊನ್ನೆ. ಹಾಗಾಗಿ ಎಡಗಡೆಯ ಚಿನ್ನಕ್ಕೂ ಗಾಳಿಯಿಂದ ಬಂದ ಆಮ್ಲಜನಕಕ್ಕೂ ಸೊನ್ನೆ. ಸಂಯುಕ್ತಗಳಲ್ಲಿ ಜಲಜನಕಕ್ಕೆ ಸಾಮಾನ್ಯವಾಗಿ +1, ಆಮ್ಲಜನಕಕ್ಕೆ −2. ಒಂದು ಅಯಾನಿನೊಳಗಿನ ಸಂಖ್ಯೆಗಳನ್ನೆಲ್ಲ ಕೂಡಿದರೆ ಆ ಅಯಾನಿನ ವಿದ್ಯುದಂಶ ಬರಬೇಕು.

ಬಲಗಡೆಯ [Au(CN)₂]⁻ ನೋಡಿದ ಕೂಡಲೇ ಇಂಗಾಲ, ಸಾರಜನಕ ಎಂದು ಬಿಡಿಸಲು ಹೊರಟವರು ತೊಡಕಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಸೈನೈಡ್ ಎರಡೂ ಕಡೆ ಒಡೆಯದೆ ಇದೆ. ಅದನ್ನು −1ರ ಒಂದೇ ಗುಂಪಾಗಿ ಹಿಡಿಯುವುದು ಲೇಸು. ಎರಡು ಸೈನೈಡ್ ಸೇರಿ −2, ಒಟ್ಟು −1, ಆದ್ದರಿಂದ ಚಿನ್ನ +1. ಸಂಖ್ಯೆ ಏರಿತು, ಅಂದರೆ ಚಿನ್ನ ಉತ್ಕರ್ಷಣಗೊಂಡಿತು. ಆಮ್ಲಜನಕ ಸೊನ್ನೆಯಿಂದ −2ಕ್ಕೆ ಇಳಿದು ಅಪಕರ್ಷಣಗೊಂಡಿತು. ನೀರಿನ ಆಮ್ಲಜನಕ ಮೊದಲೇ −2 ಇದ್ದುದರಿಂದ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕ ಸರಿಯೇ ಎಂದು ಪರೀಕ್ಷಿಸುವುದೂ ಸುಲಭ: ನಾಲ್ಕು ಚಿನ್ನ ಸೇರಿ 4 ಏರಿವೆ, ಎರಡು ಆಮ್ಲಜನಕ ಸೇರಿ 4 ಇಳಿದಿವೆ.

ಎಲೆಕ್ಟ್ರಾನ್ ಕಿತ್ತುಕೊಂಡದ್ದು ಗಾಳಿ! ಹಾಗೆ ಬಂದ ಚಿನ್ನದ ಅಯಾನನ್ನು ಸೈನೈಡ್ ಬಿಗಿಯಾಗಿ ಹಿಡಿದುಕೊಳ್ಳುವುದರಿಂದಲೇ ಆ ಕಿತ್ತಾಟ ಸಾಧ್ಯವಾಗುತ್ತದೆ ಎಂಬುದೂ ನಿಜ. ತೊಟ್ಟಿಗಳಿಗೆ ಗಾಳಿ ಊದುವುದು ಇದಕ್ಕಾಗಿಯೇ.

ಈ ಕ್ರಿಯೆಯ ನಡುವೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, H₂O₂, ಕೂಡ ಹುಟ್ಟುತ್ತದೆ. ಅಲ್ಲಿ ಅಭ್ಯಾಸಬಲದಿಂದ ಆಮ್ಲಜನಕಕ್ಕೆ −2 ಕೊಟ್ಟರೆ ಜಲಜನಕ +2 ಆಗಬೇಕಾಗುತ್ತದೆ. ಒಂದೇ ಎಲೆಕ್ಟ್ರಾನ್ ಇರುವ ಪರಮಾಣು ಎರಡನ್ನು ಕಳೆದುಕೊಳ್ಳಲಾರದು. ಪೆರಾಕ್ಸೈಡಿನ ಆಮ್ಲಜನಕ −1.

ಕರಗಿದ ಚಿನ್ನವನ್ನು ಮರಳಿ ಪಡೆಯುವ ಹಳೆಯ ದಾರಿ ಸತುವಿನ ಪುಡಿ:

2[Au(CN)₂]⁻ + Zn → 2Au + [Zn(CN)₄]²⁻

ಇಲ್ಲಿ ಚಿನ್ನ +1ರಿಂದ ಸೊನ್ನೆಗೆ ಇಳಿಯುತ್ತದೆ. ಸತು ಸೊನ್ನೆಯಿಂದ +2ಕ್ಕೆ ಏರುತ್ತದೆ: ನಾಲ್ಕು ಸೈನೈಡಿನ −4, ಒಟ್ಟು −2. ಒಂದು ಸತು ಎರಡು ಚಿನ್ನವನ್ನು ಬಿಡಿಸುತ್ತದೆ, ಅಂದರೆ 65 ಗ್ರಾಂ ಸತುವಿಗೆ 394 ಗ್ರಾಂ ಚಿನ್ನ. ವಾಸ್ತವದಲ್ಲಿ ಸತು ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ನೀರಿನಲ್ಲಿ ಆಮ್ಲಜನಕ ಉಳಿದಿದ್ದರೆ ಅದು ಸತುವಿನ ಎಲೆಕ್ಟ್ರಾನನ್ನೂ ಕಸಿಯುತ್ತದೆ, ಬಿಡುಗಡೆಯಾದ ಚಿನ್ನವನ್ನು ಮತ್ತೆ ಕರಗಿಸುತ್ತದೆ. ಹಾಗಾಗಿ ಸತು ಹಾಕುವ ಮುಂಚೆ ದ್ರಾವಣವನ್ನು ನಿರ್ವಾತದಲ್ಲಿಟ್ಟು ಅದರೊಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ.